ಫೋಟೋದಲ್ಲಿ ಬಂದ ಭೌತಶಾಸ್ತ್ರ: ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬಿಡಿಸುವ ಬಗೆ

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳ ಮೊಬೈಲು ತೆರೆದರೆ ಸಾಲುಸಾಲು ಫೋಟೋಗಳು. ಯಾರದೋ ಗೈಡಿನ ಪುಟ, ಟ್ಯೂಷನ್ನಿನ ಪರೀಕ್ಷೆಯ ಹಾಳೆ, ಗೆಳೆಯನ ನೋಟ್ಸು. ರಾತ್ರಿ ಎಂಟಕ್ಕೆ ವಾಟ್ಸ್ಆ್ಯಪ್ ಗುಂಪಿಗೆ ಬಂದು ಬೀಳುವ ಇಂಥ ಒಂದು ಫೋಟೋದಲ್ಲಿ ಹೀಗಿದೆ ಎಂದುಕೊಳ್ಳಿ. ಇಂಗ್ಲಿಷಿನ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ:

"ಎ ಬ್ಲಾಕ್ ಆಫ್ ಮಾಸ್ 2 kg, ಇನಿಶಿಯಲಿ ಆ್ಯಟ್ ರೆಸ್ಟ್ ಆನ್ ಎ ಸ್ಮೂತ್ ಹಾರಿಜಾಂಟಲ್ ಸರ್ಫೇಸ್, ಈಸ್ ಪುಲ್ಡ್ ಬೈ ಎ ಕಾನ್‌ಸ್ಟಂಟ್ ಹಾರಿಜಾಂಟಲ್ ಫೋರ್ಸ್ ಆಫ್ 6 N ಫಾರ್ 4 s. ದ ಫೋರ್ಸ್ ಈಸ್ ದೆನ್ ರಿಮೂವ್ಡ್ ಆ್ಯಂಡ್ ದ ಬ್ಲಾಕ್ ಎಂಟರ್ಸ್ ಎ ರಫ್ ಸರ್ಫೇಸ್ ಫಾರ್ ವಿಚ್ μ = 0.4. ಫೈಂಡ್ ದ ಡಿಸ್ಟನ್ಸ್ ಇಟ್ ಟ್ರಾವೆಲ್ಸ್ ಆನ್ ದ ರಫ್ ಸರ್ಫೇಸ್ ಬಿಫೋರ್ ಕಮಿಂಗ್ ಟು ರೆಸ್ಟ್. (g = 10 m s⁻²)"

ಇದನ್ನು ಕಂಡ ಕೂಡಲೇ ಹೆಚ್ಚಿನ ಮಕ್ಕಳು ಮಾಡುವುದು ಪಾರಿಭಾಷಿಕ ಪದಗಳನ್ನು ಹುಡುಕುವುದು. ಮಾಸ್ ಅಂದರೆ ದ್ರವ್ಯರಾಶಿ, ಫೋರ್ಸ್ ಅಂದರೆ ಬಲ, ಡಿಸ್ಟನ್ಸ್ ಅಂದರೆ ದೂರ. ಅದು ಬೇಕು, ನಿಜ. ಆದರೆ ಅಂಕ ಹೋಗುವುದು ಅಲ್ಲಲ್ಲ. ದೊಡ್ಡ ಪದ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದಾದರೂ ಗೊತ್ತಾಗುತ್ತದೆ. ಪುಸ್ತಕದ ಕೊನೆಯ ಪದಪಟ್ಟಿ ನೋಡಬಹುದು, ಮೇಷ್ಟ್ರನ್ನು ಕೇಳಬಹುದು. ಕಣ್ಣಿಗೆ ಬಿದ್ದೂ ಬೀಳದಂತೆ ಜಾರಿಹೋಗುವುದು ಸಣ್ಣ ಪದಗಳು. ಮೇಲಿನ ಲೆಕ್ಕದಲ್ಲಿ ಸಂಖ್ಯೆಯಾಗಿ ಕೊಟ್ಟಿರುವುದು ದ್ರವ್ಯರಾಶಿ, ಬಲ, ಕಾಲ, μ ಮತ್ತು g. ಇವಿಷ್ಟರಿಂದಲೇ ಲೆಕ್ಕ ಮುಗಿಯುವುದಿಲ್ಲ. ಉಳಿದ ದತ್ತಾಂಶ ಪದಗಳೊಳಗೆ ಅಡಗಿದೆ.

"ಇನಿಶಿಯಲಿ ಆ್ಯಟ್ ರೆಸ್ಟ್" ಎಂಬುದು ಬರೀ ವರ್ಣನೆಯಲ್ಲ, ಅದೊಂದು ಸಮೀಕರಣ: ಆರಂಭಿಕ ವೇಗ u = 0. "ಕಮಿಂಗ್ ಟು ರೆಸ್ಟ್" ಎಂದರೆ ಎರಡನೇ ಹಂತದಲ್ಲಿ ಅಂತಿಮ ವೇಗ v = 0. ಎರಡರಲ್ಲೂ "ರೆಸ್ಟ್" ಇದೆ, ಆದರೆ ಒಂದು ಶುರುವಿನ ಸೊನ್ನೆ, ಇನ್ನೊಂದು ಕೊನೆಯ ಸೊನ್ನೆ. "ಸ್ಮೂತ್" ಎಂದರೆ ನುಣುಪು ಎಂದು ಬರೆದುಕೊಂಡು ಮುಂದೆ ಹೋಗುವವರಿದ್ದಾರೆ. ಭೌತಶಾಸ್ತ್ರದ ಪ್ರಶ್ನೆಯಲ್ಲಿ ಅದರ ಅರ್ಥ ಒಂದೇ: ಘರ್ಷಣೆ ಇಲ್ಲ. "ರಫ್" ಎಂದರೆ ಘರ್ಷಣೆ ಇದೆ, ಲೆಕ್ಕಕ್ಕೆ ತೆಗೆದುಕೊಳ್ಳಬೇಕು. "ಕಾನ್‌ಸ್ಟಂಟ್ ಫೋರ್ಸ್" ಎಂದಾಗ ಬಲ ಬದಲಾಗದು, ಹಾಗಾಗಿ ವೇಗೋತ್ಕರ್ಷವೂ ಬದಲಾಗದು. v = u + at ಬಳಸಲು ಅನುಮತಿ ಕೊಡುವುದು ಈ ಒಂದು ಪದ. ಅದಿಲ್ಲದಿದ್ದರೆ ಆ ಸೂತ್ರವನ್ನು ಮುಟ್ಟುವಂತೆಯೇ ಇರಲಿಲ್ಲ.

ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕು ವಾಕ್ಯದ ಜೋಡಣೆಯದು. ಇಂಗ್ಲಿಷಿನಲ್ಲಿ ವಸ್ತುವಿನ ಹೆಸರು ಮೊದಲು ಬಂದು, ಅದರ ವಿವರ ಬಾಲದಂತೆ ಹಿಂದೆ ಬರುತ್ತದೆ. ನಾವು ವಿವರವನ್ನೆಲ್ಲ ಮೊದಲು ಹೇಳಿ ಹೆಸರನ್ನು ಆಮೇಲೆ ಹೇಳುವವರು. ಹೀಗಾಗಿ ಮೇಲಿನ ಮೊದಲ ವಾಕ್ಯವನ್ನು ಒಂದೇ ಕನ್ನಡ ವಾಕ್ಯ ಮಾಡಹೊರಟರೆ "ನುಣುಪಾದ ಸಮತಲ ಮೇಲ್ಮೈಯ ಮೇಲೆ ಆರಂಭದಲ್ಲಿ ನಿಶ್ಚಲ ಸ್ಥಿತಿಯಲ್ಲಿರುವ 2 kg ದ್ರವ್ಯರಾಶಿಯ ದಿಮ್ಮಿಯನ್ನು..." ಎಂದು ಎಳೆದು, ಕ್ರಿಯಾಪದ ಬರುವ ಹೊತ್ತಿಗೆ ಉಸಿರು ನಿಲ್ಲುತ್ತದೆ. ಹಾಗೆ ಮಾಡಲೇಬಾರದು. ಅನುವಾದ ಮಾಡುವುದು ನಮ್ಮ ಕೆಲಸವಲ್ಲ, ಲೆಕ್ಕ ಮಾಡುವುದು ನಮ್ಮ ಕೆಲಸ. ಉದ್ದ ವಾಕ್ಯವನ್ನು ಮುರಿದು ತುಂಡು ವಾಕ್ಯಗಳಾಗಿ ಬರೆದುಕೊಳ್ಳಬೇಕು:

ಒಂದು ದಿಮ್ಮಿ ಇದೆ, 2 kg. ಮೊದಲು ನಿಂತಿದೆ. ನೆಲದಲ್ಲಿ ಘರ್ಷಣೆ ಇಲ್ಲ. 6 N ಬಲದಿಂದ 4 ಸೆಕೆಂಡು ಎಳೆದರು. ಆಮೇಲೆ ಬಲ ಇಲ್ಲ. ಘರ್ಷಣೆ ಇರುವ ನೆಲಕ್ಕೆ ಬಂತು. ನಿಲ್ಲುವವರೆಗೆ ಆ ನೆಲದ ಮೇಲೆ ಎಷ್ಟು ದೂರ?

ಇಷ್ಟು ಬರೆದರೆ ಪ್ರಶ್ನೆ ಅರ್ಧ ಬಿಟ್ಟಂತೆ. ಓದುವಾಗ ನಾನು ಹೇಳಿಕೊಡುವ ಕ್ರಮ ಮಾತ್ರ ತಲೆಕೆಳಗು: ಮೊದಲು ಕೊನೆಯ ವಾಕ್ಯ ನೋಡಿ. "ಫೈಂಡ್", "ಕ್ಯಾಲ್ಕ್ಯುಲೇಟ್", "ಡಿಟರ್ಮಿನ್", "ವಾಟ್ ಈಸ್" ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ. ಏನು ಕೇಳಿದ್ದಾರೆಂದು ಗೊತ್ತಾದ ಮೇಲೆ ಮೇಲಿನಿಂದ ಓದಿದರೆ, ಯಾವ ಪದ ಬೇಕು ಯಾವುದು ಬೇಡ ಎಂಬುದು ತಾನೇ ತಿಳಿಯುತ್ತದೆ. ಇಲ್ಲಿ ಕೇಳಿರುವುದು "ಆನ್ ದ ರಫ್ ಸರ್ಫೇಸ್" ಹೋದ ದೂರ ಮಾತ್ರ. ಒಟ್ಟು ದೂರವಲ್ಲ. ಈ ನಾಲ್ಕು ಪದ ಬಿಟ್ಟು ಓದಿದವರು ಸೂತ್ರವೆಲ್ಲ ಸರಿ ಹಾಕಿ, ಗುಣಾಕಾರವೆಲ್ಲ ಸರಿ ಮಾಡಿ, ತಪ್ಪು ಉತ್ತರ ಬರೆಯುತ್ತಾರೆ.

ಈಗ ಫೋಟೋದ ವಿಷಯಕ್ಕೆ ಬರೋಣ. ಅಚ್ಚಾದ ಪುಟಕ್ಕೆ ಇಲ್ಲದ ರೋಗಗಳು ಫೋಟೋಕ್ಕಿವೆ. μ ಎಂಬ ಗ್ರೀಕ್ ಅಕ್ಷರದ ಎಡಗಡೆಯ ಬಾಲ ಮಸುಕಾದರೆ ಅದು u ಆಗಿ ಕಾಣುತ್ತದೆ. ಆಗ "u = 0.4" ಎಂದು ಓದಿ ಆರಂಭಿಕ ವೇಗವನ್ನೇ 0.4 ಎಂದು ಹಾಕಿಬಿಡುತ್ತಾರೆ. ಪತ್ತೆ ಹಚ್ಚುವುದು ಹೇಗೆ? ಪಕ್ಕದಲ್ಲಿ ಮಾನ ಇದೆಯೇ ನೋಡಿ. ವೇಗವಾಗಿದ್ದರೆ m s⁻¹ ಇರಬೇಕಿತ್ತು. ಘರ್ಷಣಾ ಗುಣಾಂಕಕ್ಕೆ ಮಾನ ಇಲ್ಲ, ಯಾಕೆಂದರೆ ಅದು ಒಂದು ಬಲವನ್ನು ಇನ್ನೊಂದು ಬಲದಿಂದ ಭಾಗಿಸಿ ಬಂದ ಸಂಖ್ಯೆ. ಮಾನವಿಲ್ಲದ ಬರಿಯ 0.4 ಕಂಡರೆ ಅದು ವೇಗವಲ್ಲ.

ಇದೇ ಅಕ್ಷರಕ್ಕೆ ಇನ್ನೊಂದು ಗತಿಯೂ ಇದೆ, ಅದು ಇನ್ನೂ ಕೆಟ್ಟದ್ದು. ಕಂಪ್ಯೂಟರಿನಲ್ಲಿ ಗ್ರೀಕ್ ಅಕ್ಷರಗಳನ್ನು ಹಲವು ವರ್ಷ "ಸಿಂಬಲ್" ಎಂಬ ಫಾಂಟಿನಿಂದ ಬೆರಳಚ್ಚು ಮಾಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ. ಆ ಫಾಂಟಿನಲ್ಲಿ μ ಇರುವುದು m ಕೀಲಿಯಲ್ಲಿ, Ω ಇರುವುದು W ಕೀಲಿಯಲ್ಲಿ, θ ಇರುವುದು q ಕೀಲಿಯಲ್ಲಿ, λ ಇರುವುದು l ಕೀಲಿಯಲ್ಲಿ, ρ ಇರುವುದು r ಕೀಲಿಯಲ್ಲಿ. ಫೈಲು ಇನ್ನೊಂದು ಕಂಪ್ಯೂಟರಿಗೆ ಹೋಗಿ ಆ ಫಾಂಟು ಕೆಲಸ ಮಾಡದಿದ್ದರೆ ಗ್ರೀಕ್ ಮಾಯವಾಗಿ ಕೀಲಿಯ ಇಂಗ್ಲಿಷ್ ಅಕ್ಷರವೇ ಅಚ್ಚಾಗುತ್ತದೆ. ಆಗ ನಮ್ಮ ಲೆಕ್ಕದಲ್ಲಿ "m = 0.4" ಎಂದಿರುತ್ತದೆ. ದ್ರವ್ಯರಾಶಿ 2 kg ಎಂದು ಆಗಲೇ ಹೇಳಿ ಮತ್ತೆ 0.4 ಎಂದರೆ ಹೇಗೆ? ಎರಡು ಮಾತು ಒಂದಕ್ಕೊಂದು ಹೊಂದದಿದ್ದರೆ ಅಕ್ಷರವೇ ಬದಲಾಗಿರಬೇಕೆಂದು ತಿಳಿಯಿರಿ. "R = 10 W" ಎಂದು ಕಂಡರೆ ಅದು ವ್ಯಾಟ್ ಅಲ್ಲ, ಓಮ್; ರೋಧವನ್ನು ವ್ಯಾಟ್‌ನಲ್ಲಿ ಅಳೆಯುವುದಿಲ್ಲ. "q = 30°" ಎಂದರೆ ವಿದ್ಯುದಾವೇಶಕ್ಕೆ ಡಿಗ್ರಿ ಎಲ್ಲಿಂದ ಬರಬೇಕು, ಅದು θ. ಇವು ಸುಲಭ. ಮೋಸ ಮಾಡುವುದು ಕೆಪಾಸಿಟರ್: 5 μF ಎಂಬುದು 5 mF ಆಗಿಬಿಟ್ಟರೆ ಎರಡೂ ಸರಿಯಾದ ಮಾನಗಳೇ, ಆದರೆ ಮೈಕ್ರೋಗೂ ಮಿಲಿಗೂ ಸಾವಿರ ಪಟ್ಟು ವ್ಯತ್ಯಾಸ. ಇಲ್ಲಿ ಅದೇ ಹಾಳೆಯ ಬೇರೆ ಪ್ರಶ್ನೆಗಳನ್ನು ನೋಡಬೇಕು. ಹಾಳೆಯಲ್ಲಿ ಎಲ್ಲೂ ಒಂದು ಗ್ರೀಕ್ ಅಕ್ಷರವೂ ಇಲ್ಲ, ಕೋನಕ್ಕೆಲ್ಲ q ಎಂದಿದೆ ಎಂದಾದರೆ mF ಅನ್ನೂ ನಂಬಬೇಡಿ.

ಇನ್ನು ಘಾತಗಳು. 3 × 10⁸ ಎಂಬಲ್ಲಿ ಮೇಲಿನ ಪುಟ್ಟ 8 ಕೆಳಗಿಳಿದರೆ 3 × 108, ಅಂದರೆ 324. ಬೆಳಕು ಸೆಕೆಂಡಿಗೆ 324 ಮೀಟರ್ ಹೋಗುವುದಾದರೆ ಅದು ಗಾಳಿಯಲ್ಲಿ ಶಬ್ದದ ಜವಕ್ಕಿಂತ ಕಡಿಮೆಯಾಯಿತು! ಇಲೆಕ್ಟ್ರಾನಿನ ಆವೇಶ 1.6 × 10⁻¹⁹ C. ಇಲ್ಲಿ ಸಣ್ಣ ಗೆರೆ ಅಳಿಸಿಹೋದರೆ ಋಣ ಘಾತ ಧನವಾಗುತ್ತದೆ. ಫೋಟೋದಿಂದ ಅಕ್ಷರ ಎತ್ತಿಕೊಡುವ ಆ್ಯಪ್‌ಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಅವು ಮೇಲಿನದನ್ನೂ ಕೆಳಗಿನದನ್ನೂ ಒಂದೇ ಸಾಲಿಗೆ ತಂದುಬಿಡುತ್ತವೆ. ಆದ್ದರಿಂದ ಪದಗಳ ಅರ್ಥಕ್ಕೆ ಆ್ಯಪ್ ಬಳಸಿ, ಸಂಖ್ಯೆಯನ್ನು ಮಾತ್ರ ಫೋಟೋ ಹಿಗ್ಗಿಸಿ ನಿಮ್ಮ ಕಣ್ಣಿನಿಂದಲೇ ಓದಿಕೊಳ್ಳಿ.

ದಶಮಾಂಶದ ಚುಕ್ಕಿ ಎಲ್ಲಕ್ಕಿಂತ ಬಡಪಾಯಿ. 0.4ರ ಚುಕ್ಕಿ ಹೋಗಿ 04 ಎಂದು ಕಂಡರೆ 4 ಎಂದು ಓದುತ್ತೇವೆ. ಆಗ ಘರ್ಷಣಾ ಬಲ 80 N ಬರುತ್ತದೆ. ದಿಮ್ಮಿಯ ತೂಕವೇ 20 N. ತೂಕದ ನಾಲ್ಕು ಪಟ್ಟು ಘರ್ಷಣೆ ಸಾಮಾನ್ಯ ನೆಲದಲ್ಲಿ ಇರುವುದಿಲ್ಲ. ಮರ, ಲೋಹ, ಕಲ್ಲಿನಂಥ ಮೇಲ್ಮೈಗಳಿಗೆ ಈ ಗುಣಾಂಕ ಸಾಮಾನ್ಯವಾಗಿ 1ಕ್ಕಿಂತ ಕಡಿಮೆ. ಸೊನ್ನೆಯ ಹಿಂದೆ ಅಂಕೆ ನಿಂತಿರುವುದನ್ನು ಕಂಡರೆ ನಡುವೆ ಚುಕ್ಕಿ ಇತ್ತೆಂದೇ ಎಣಿಸಿ, ಹಿಗ್ಗಿಸಿ ನೋಡಿ.

ಫೋಟೋದ ಹೊರಗೆ ಉಳಿದುಹೋದದ್ದು ಇನ್ನೊಂದು ಸಮಸ್ಯೆ. "g = 10 m s⁻²" ಎಂಬ ಸೂಚನೆಯನ್ನು ಬಹಳ ಹಾಳೆಗಳಲ್ಲಿ ಒಂದೊಂದು ಪ್ರಶ್ನೆಗೂ ಹಾಕದೆ ಪುಟದ ತಲೆಯಲ್ಲಿ ಒಮ್ಮೆ ಹಾಕಿರುತ್ತಾರೆ. ಪ್ರಶ್ನೆಯನ್ನಷ್ಟೇ ಕತ್ತರಿಸಿ ಕಳಿಸಿದರೆ ಅದು ಬರುವುದಿಲ್ಲ. ನೀವು 9.8 ಹಾಕಿ ಲೆಕ್ಕ ಮಾಡಿದರೆ ಉತ್ತರ 18.4 ಆಸುಪಾಸು ಬಂದು, ಆಯ್ಕೆಗಳಲ್ಲಿ 18 ಮಾತ್ರ ಇರುತ್ತದೆ. ತಪ್ಪಾಯಿತೇನೋ ಎಂದು ಒದ್ದಾಡುತ್ತೀರಿ. ಉತ್ತರ ಇಷ್ಟು ಹತ್ತಿರ ಬಂದು ಹೊಂದದಿದ್ದರೆ g ಬೆಲೆಯನ್ನು ಮೊದಲು ಅನುಮಾನಿಸಿ.

ಮತ್ತೆ ಸಣ್ಣ ಪದಗಳಿಗೇ ಬರುತ್ತೇನೆ, ಯಾಕೆಂದರೆ ಕನ್ನಡ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಕಾರೊಂದು 30 m s⁻¹ ವೇಗದಲ್ಲಿದೆ. "ರಿಡ್ಯೂಸ್ಡ್ ಬೈ 20" ಎಂದರೆ ವೇಗ 20ರಷ್ಟು ಕಡಿಮೆಯಾಯಿತು, ಉಳಿದದ್ದು 10. "ರಿಡ್ಯೂಸ್ಡ್ ಟು 20" ಎಂದರೆ ವೇಗ 20ಕ್ಕೆ ಇಳಿಯಿತು. ಇಂಗ್ಲಿಷಿನಲ್ಲಿ ಎರಡಕ್ಷರದ ಪುಟ್ಟ ಪದ ಮಾತ್ರ ಬೇರೆ, ಮಸುಕು ಫೋಟೋದಲ್ಲಿ ಅದೂ ಒಂದೇ ಥರ ಕಾಣುತ್ತದೆ. ಕನ್ನಡದಲ್ಲಿ "ರಷ್ಟು" ಮತ್ತು "ಕ್ಕೆ" ಗಟ್ಟಿಯಾಗಿ ಬೇರೆ. ಹಾಗೆಯೇ ಉಷ್ಣಗತಿ ವಿಜ್ಞಾನದಲ್ಲಿ "ವರ್ಕ್ ಡನ್ ಆನ್ ದ ಗ್ಯಾಸ್" ಎಂದರೆ ಅನಿಲದ ಮೇಲೆ ನಾವು ಮಾಡಿದ ಕೆಲಸ, "ಬೈ ದ ಗ್ಯಾಸ್" ಎಂದರೆ ಅನಿಲವೇ ಮಾಡಿದ ಕೆಲಸ. ಚಿಹ್ನೆ ಪೂರ್ತಿ ತಿರುಗುತ್ತದೆ. ಇಂಥ ಪದ ಬಂದಾಗ ಮನಸ್ಸಿನಲ್ಲೇ ಬಿಡದೆ, ವಿಭಕ್ತಿ ಪ್ರತ್ಯಯದ ಸಮೇತ ಕನ್ನಡದಲ್ಲಿ ಬರೆದುಕೊಂಡರೆ ಗೊಂದಲ ಅಲ್ಲೇ ಮುಗಿಯುತ್ತದೆ.

ದಿನಬಳಕೆಯ ಅರ್ಥ ಬಿಟ್ಟು ಬೇರೆ ಅರ್ಥ ಕೊಡುವ ಪದಗಳೂ ಇವೆ. "ಲೈಟ್ ಸ್ಟ್ರಿಂಗ್" ಎಂದಾಗ ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ. ಹಗುರ ದಾರ ಎಂದರೂ ಸಾಲದು. ದಾರದ ದ್ರವ್ಯರಾಶಿಯನ್ನು ಸೊನ್ನೆ ಎಂದು ತೆಗೆದುಕೊಳ್ಳಿ ಎಂಬ ಅಪ್ಪಣೆ ಅದು. ಜೊತೆಗೆ ರಾಟೆಯೂ "ಸ್ಮೂತ್" ಎಂದಿದ್ದರೆ ದಾರದ ಎರಡೂ ಕಡೆ ಬಿಗಿತ ಒಂದೇ ಎಂದು ಬರೆಯಬಹುದು. "ನಾರ್ಮಲ್" ಎಂದರೆ ಮಾಮೂಲಿ ಅಲ್ಲ, ಮೇಲ್ಮೈಗೆ ಲಂಬ. "ಯೂನಿಫಾರ್ಮ್" ಬದಲಾಗದ್ದು, ಏಕರೂಪದ್ದು. ಆದರೆ ಯಾವುದು ಬದಲಾಗದ್ದು ಎಂದು ಮುಂದಿನ ಪದ ನೋಡಲೇಬೇಕು. ವೇಗ ಏಕರೂಪವಾಗಿದ್ದರೆ ವೇಗೋತ್ಕರ್ಷ ಸೊನ್ನೆ. ವೇಗೋತ್ಕರ್ಷ ಏಕರೂಪವಾಗಿದ್ದರೆ ವೇಗ ಬದಲಾಗುತ್ತಲೇ ಇರುತ್ತದೆ.

"ಡ್ರಾಪ್ಡ್" ಎಂಬ ಪದವನ್ನು ಮಾತ್ರ ಬಾಯಿಪಾಠ ಮಾಡಬೇಡಿ. ಕಟ್ಟಡದ ಮೇಲಿಂದ ಕಲ್ಲು ಬಿಟ್ಟರೆ u = 0, ಸರಿ. ಆದರೆ ಸೆಕೆಂಡಿಗೆ 10 ಮೀಟರಿನಂತೆ ಮೇಲೇರುತ್ತಿರುವ ಬಲೂನಿನಿಂದ ಬಿಟ್ಟರೆ, ಕೈಬಿಟ್ಟ ಆ ಕ್ಷಣದಲ್ಲಿ ಕಲ್ಲಿಗೂ ಮೇಲ್ಮುಖವಾಗಿ ಅದೇ 10 m s⁻¹ ವೇಗವಿದೆ. ಅದು ಸ್ವಲ್ಪ ಮೇಲೆ ಹೋಗಿ ಆಮೇಲೆ ಕೆಳಗೆ ಬರುತ್ತದೆ. ಪದದ ಅರ್ಥ "ತಳ್ಳದೆ ಬಿಟ್ಟರು" ಎಂದಷ್ಟೇ. ಸೊನ್ನೆಯೋ ಅಲ್ಲವೋ ಎಂಬುದನ್ನು ಬಿಟ್ಟ ಜಾಗ ಹೇಳುತ್ತದೆ.

ಓದುವ ಕೆಲಸ ಮುಗಿಯಿತು, ಈಗ ಬರೆಯುವುದು. ಕನ್ನಡದಲ್ಲಿ ಉತ್ತರ ಬರೆಯುವಾಗ ಸಂಕೇತ, ಸೂತ್ರ ಮತ್ತು ಮಾನಗಳನ್ನು ಹಾಗೇ ಬಿಡಿ. u ಅನ್ನು "ಉ" ಮಾಡಬೇಕಿಲ್ಲ, kg ಅನ್ನು "ಕಿ.ಗ್ರಾಂ." ಮಾಡಿದರೆ ತಪ್ಪಲ್ಲವಾದರೂ ಲೆಕ್ಕದ ಸಾಲಿನಲ್ಲಿ ಗೋಜಲಾಗುತ್ತದೆ. ಕನ್ನಡ ಇರಬೇಕಾದ್ದು ಕಾರಣ ಹೇಳುವಲ್ಲಿ. ನಮ್ಮ ದಿಮ್ಮಿಯ ಲೆಕ್ಕಕ್ಕೆ ಉತ್ತರ ಹೀಗೆ ಬರಬಹುದು:

ಮೊದಲ ಹಂತ: ಮೇಲ್ಮೈಯಲ್ಲಿ ಘರ್ಷಣೆ ಇಲ್ಲದ್ದರಿಂದ ಚಲನೆಯ ದಿಕ್ಕಿನಲ್ಲಿ ದಿಮ್ಮಿಯ ಮೇಲಿರುವ ಬಲ 6 N ಮಾತ್ರ.
ವೇಗೋತ್ಕರ್ಷ a = F/m = 6/2 = 3 m s⁻²
ದಿಮ್ಮಿ ನಿಶ್ಚಲ ಸ್ಥಿತಿಯಿಂದ ಹೊರಟಿದೆ, u = 0. 4 s ನಂತರ ವೇಗ v = u + at = 0 + 3 × 4 = 12 m s⁻¹

ಎರಡನೇ ಹಂತ: ಎಳೆಯುವ ಬಲ ಈಗ ಇಲ್ಲ. ಘರ್ಷಣಾ ಬಲ ಚಲನೆಯ ವಿರುದ್ಧ ದಿಕ್ಕಿಗಿದೆ.
f = μmg = 0.4 × 2 × 10 = 8 N
ಆದ್ದರಿಂದ a = −8/2 = −4 m s⁻²
ಈ ಹಂತದ ಆರಂಭಿಕ ವೇಗ 12 m s⁻¹, ಅಂತಿಮ ವೇಗ 0.
v² = u² + 2as
0 = 144 − 8s
s = 18 m
ದಿಮ್ಮಿಯು ಒರಟು ಮೇಲ್ಮೈಯ ಮೇಲೆ 18 m ದೂರ ಚಲಿಸಿ ನಿಲ್ಲುತ್ತದೆ.

ಇಲ್ಲಿ ಗಮನಿಸಿ: ಮೊದಲ ಹಂತದ v ಎರಡನೇ ಹಂತದ u ಆಗಿದೆ. ಅದನ್ನು ಒಂದು ಕನ್ನಡ ವಾಕ್ಯದಲ್ಲಿ ಹೇಳಿದ್ದರಿಂದಲೇ ಓದುವವರಿಗೆ ಗೊಂದಲವಿಲ್ಲ. ಋಣ ಚಿಹ್ನೆ ಎಲ್ಲಿಂದ ಬಂತು ಎಂಬುದಕ್ಕೂ "ವಿರುದ್ಧ ದಿಕ್ಕಿಗಿದೆ" ಎಂಬ ಮಾತೇ ಆಧಾರ. ನುಣುಪು ನೆಲದ ಮೇಲೆ ದಿಮ್ಮಿ ಹೋದದ್ದು 24 m. ಅದನ್ನು ಸೇರಿಸಿ 42 m ಎಂದು ಬರೆದವರು "ಆನ್ ದ ರಫ್ ಸರ್ಫೇಸ್" ಓದದವರು. ಬಹು ಆಯ್ಕೆಯ ಪ್ರಶ್ನೆಯಾಗಿದ್ದರೆ 42 ಖಂಡಿತ ಒಂದು ಆಯ್ಕೆಯಾಗಿ ಕಾದಿರುತ್ತದೆ.

ಬರವಣಿಗೆಯಲ್ಲಿ ಕನ್ನಡವೇ ಕಾಲು ಜಾರಿಸುವ ಕಡೆಗಳೂ ಇವೆ. ಮಾತಿನಲ್ಲಿ ನಾವು "ಶಕ್ತಿ ಹಾಕಿ ತಳ್ಳು" ಎನ್ನುತ್ತೇವೆ, "ಇವನಿಗೆ ಶಕ್ತಿ ಜಾಸ್ತಿ" ಎನ್ನುತ್ತೇವೆ. ಪಠ್ಯದ ಕನ್ನಡದಲ್ಲಿ ಫೋರ್ಸ್ ಬಲ, ಎನರ್ಜಿ ಶಕ್ತಿ, ಪವರ್ ಸಾಮರ್ಥ್ಯ. ಇವುಗಳ ಮಾನವೇ ಬೇರೆಬೇರೆ: ನ್ಯೂಟನ್, ಜೂಲ್, ವ್ಯಾಟ್. "ಭಾರ" ಎಂಬ ಮಾತನ್ನು ಉತ್ತರದಲ್ಲಿ ಬಳಸಲೇಬೇಡಿ. ಅದು ದ್ರವ್ಯರಾಶಿಯೋ ತೂಕವೋ ತಿಳಿಯುವುದಿಲ್ಲ. ನಮ್ಮ ದಿಮ್ಮಿಯ ದ್ರವ್ಯರಾಶಿ 2 kg, ತೂಕ 20 N. ಸ್ಪೀಡ್‌ಗೆ ನಮ್ಮ ಶಾಲಾ ಪುಸ್ತಕಗಳು "ಜವ" ಎನ್ನುತ್ತವೆ, ವೆಲಾಸಿಟಿಗೆ "ವೇಗ". ಬೀದಿಯಲ್ಲಿ ಯಾರೂ ಜವ ಎನ್ನುವುದಿಲ್ಲ, ಒಪ್ಪುತ್ತೇನೆ, ಆದರೆ ದಿಕ್ಕು ಲೆಕ್ಕಕ್ಕೆ ಬರುವ ಪ್ರಶ್ನೆಯಲ್ಲಿ ಈ ಎರಡನ್ನು ಬೇರೆ ಇಡದೆ ಗತಿಯಿಲ್ಲ. ವೃತ್ತದಲ್ಲಿ ಒಂದೇ ಜವದಿಂದ ಸುತ್ತುವ ವಸ್ತುವಿನ ವೇಗ ಪ್ರತಿಕ್ಷಣ ಬದಲಾಗುತ್ತದೆ ಎಂಬ ವಾಕ್ಯವನ್ನು ಒಂದೇ ಪದ ಇಟ್ಟುಕೊಂಡು ಬರೆದು ನೋಡಿ, ತಿಳಿಯುತ್ತದೆ. ಕನ್ನಡ ಪದ ನೆನಪಿಗೆ ಬಾರದಿದ್ದರೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಅಂದಾಜಿನ ಕನ್ನಡ ಪದಕ್ಕಿಂತ "ಮೊಮೆಂಟಮ್" ಎಂದು ಸ್ಪಷ್ಟವಾಗಿ ಬರೆದದ್ದು ಮೇಲು. ಆದರೆ ಒಂದೇ ಉತ್ತರದಲ್ಲಿ ಒಮ್ಮೆ ಸಂವೇಗ, ಇನ್ನೊಮ್ಮೆ ಮೊಮೆಂಟಮ್ ಎಂದು ಬದಲಿಸಬೇಡಿ.

ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿಗುವಾಗ ಇಂಗ್ಲಿಷ್ ಓದುವ ಕಷ್ಟ ಯಾಕೆ ಎಂದು ಕೆಲವು ಪೋಷಕರು ಕೇಳುತ್ತಾರೆ. ನೀಟ್ ಪರೀಕ್ಷೆ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿದೆ. ನೀಟ್‌ನಲ್ಲಿ ಕನ್ನಡ ಆಯ್ದುಕೊಂಡವರ ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷೂ ಇರುತ್ತದೆ, ಮತ್ತು ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ನಿಯಮವಿದೆ. ಹಾಗಾಗಿ ಕನ್ನಡದಲ್ಲಿ ಬರೆಯುವ ಮಗುವಿಗೂ "ಬೈ" ಮತ್ತು "ಟು", "ಸ್ಮೂತ್" ಮತ್ತು "ರಫ್", "ಕರೆಕ್ಟ್" ಮತ್ತು "ಇನ್‌ಕರೆಕ್ಟ್" ಇಂಗ್ಲಿಷಿನಲ್ಲೇ ಗುರುತು ಸಿಗಬೇಕು.

ಕೊನೆಗೆ ಫೋಟೋ ಕಳಿಸುವ ಮೇಷ್ಟ್ರುಗಳಿಗೂ ಗೆಳೆಯರಿಗೂ ಒಂದು ಮನವಿ. ಪ್ರಶ್ನೆಯನ್ನಷ್ಟೇ ಕತ್ತರಿಸಬೇಡಿ, ಪುಟದ ತಲೆಯಿಂದ ಬುಡದವರೆಗೆ ಚಿತ್ರದ ಸಮೇತ ತೆಗೆಯಿರಿ. ಹಾಳೆಯನ್ನು ಚಪ್ಪಟೆಯಾಗಿ ಇಟ್ಟು, ನೆರಳು ಬೀಳದಂತೆ, ನೇರ ಮೇಲಿನಿಂದ ಹಿಡಿಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಅದು ಕುಗ್ಗಿ ಚುಕ್ಕಿ, ಘಾತಗಳು ಕರಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದದ್ದು ತೆಗೆದಂತೆಯೇ ತಲುಪುತ್ತದೆ.